ಮೇಲಿನದು 158, ಕೆಳಗಿನದು 96: ಚಿಕ್ಕಪ್ಪನ ಬಿಪಿ ಚೀಟಿ ಓದುವುದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕರೆಯಿಂದ.

ದೊಡ್ಡಬಳ್ಳಾಪುರದಲ್ಲಿ ನನ್ನ ಚಿಕ್ಕಪ್ಪ ಇದ್ದಾರೆ. ವಯಸ್ಸು 47. ಮನೆಯ ಹಿಂದೆಯೇ ಪವರ್‌ಲೂಮ್, ಬೆಳಗ್ಗೆಯಿಂದ ರಾತ್ರಿವರೆಗೂ ಮಗ್ಗದ ಸದ್ದಿನಲ್ಲೇ ಬದುಕು. ಅವರ ಬೀದಿಯ ಹತ್ತಿರ ಆರೋಗ್ಯ ತಪಾಸಣೆ ಶಿಬಿರ ನಡೆದಿತ್ತು. ಅಕ್ಕಪಕ್ಕದವರ ಜೊತೆ ಇವರೂ ಹೋಗಿ ಕೈ ಚಾಚಿ ಕೂತಿದ್ದರು. ಸಂಜೆ ನನಗೆ ಫೋನ್ ಮಾಡಿದರು.

"ಮಗಾ, ಬಿಪಿ ಜಾಸ್ತಿ ಐತೆ ಅಂದ್ರು. ಚೀಟಿಲಿ 158/96 ಅಂತ ಬರ್ದವ್ರೆ. ಇದ್ರಲ್ಲಿ ಯಾವುದು ಜಾಸ್ತಿ ಆಗಿರೋದು, ಮೇಲಿಂದೋ ಕೆಳಗಿಂದೋ? ನಂಗೇನೋ ತಲೆನೋವಿಲ್ಲ, ತಲೆ ಸುತ್ತಲ್ಲ. ಮಾತ್ರೆ ಯಾಕ್ ಬೇಕು?"

ನೋಡಿ, ಈ ಒಂದು ಕರೆಯಲ್ಲಿ ಮೂರು ಪ್ರಶ್ನೆಗಳಿವೆ. ಆ ಎರಡು ಅಂಕಿಗಳು ಏನು ಹೇಳುತ್ತವೆ? ಯಾವುದು ಮುಖ್ಯ? ಒಂದು ಸಲ ನೋಡಿದ ಅಂಕಿಯನ್ನು ನಂಬಬಹುದಾ? ನಿಮ್ಮ ಅಪ್ಪನೋ ಅಮ್ಮನೋ ಇಂಥದ್ದೇ ಚೀಟಿಯನ್ನು ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ನಿಮಗೆ ಕಳಿಸಿರಬಹುದು. ಬನ್ನಿ, ಚಿಕ್ಕಪ್ಪನ ಚೀಟಿಯನ್ನೇ ಇಟ್ಟುಕೊಂಡು ನೋಡೋಣ.

ಔಷಧಿ ಹೊಡೆಯುವ ಕ್ಯಾನ್ ನೆನಪಿಸಿಕೊಳ್ಳಿ

ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಬೆನ್ನಿಗೆ ಕ್ಯಾನ್ ಹಾಕಿಕೊಂಡು ಔಷಧಿ ಹೊಡೆಯುವುದನ್ನು ನೋಡಿರುತ್ತೀರಿ. ಬ್ಯಾಟರಿಯದ್ದಲ್ಲ, ಕೈಯಲ್ಲಿ ಹಿಡಿ ಒತ್ತುವ ಹಳೇ ಕ್ಯಾನ್. ಹಿಡಿಯನ್ನು ಒಂದು ಸಲ ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಆದರೆ ತುದಿಯ ನಾಜಲ್‌ನಿಂದ ಔಷಧಿ ಬಿಟ್ಟು ಬಿಟ್ಟು ಬರುವುದಿಲ್ಲ, ಒಂದೇ ಸಮ ಬರುತ್ತಿರುತ್ತದೆ. ಯಾಕೆ?

ಒಳಗೆ ಸ್ವಲ್ಪ ಗಾಳಿ ಸಿಕ್ಕಿಕೊಂಡಿರುತ್ತದೆ. ಹಿಡಿ ಒತ್ತಿದಾಗ ಆ ಗಾಳಿ ಕುಗ್ಗುತ್ತದೆ. ಹಿಡಿ ಬಿಟ್ಟಾಗ ಅದೇ ಗಾಳಿ ಹಿಗ್ಗಿ ಔಷಧಿಯನ್ನು ಮುಂದಕ್ಕೆ ತಳ್ಳುತ್ತದೆ. ಜೊತೆಗೆ ನಾಜಲ್‌ನ ತೂತು ಸಣ್ಣದು. ಹಾಗಾಗಿ ಒಳಗಿನ ಒತ್ತಡ ಒಮ್ಮೆಲೇ ಇಳಿದುಹೋಗುವುದಿಲ್ಲ.

ನಮ್ಮ ದೇಹದಲ್ಲೂ ಇದೇ ಏರ್ಪಾಡು ಇದೆ. ಹಿಡಿ ಒತ್ತುವ ಕೈ ನಮ್ಮ ಹೃದಯ. ಗಾಳಿಯ ಕೆಲಸ ಮಾಡುವುದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಂದರೆ ಮಹಾಪಧಮನಿ. ಅದರ ಗೋಡೆ ರಬ್ಬರಿನ ಹಾಗೆ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಇನ್ನು ನಾಜಲ್ ಯಾವುದು ಅಂದ್ರೆ, ದೇಹದ ತುಂಬ ಹರಡಿರುವ, ಕೂದಲೆಳೆಯಂಥ ಲಕ್ಷಾಂತರ ಕಿರು ರಕ್ತನಾಳಗಳು.

ಹೃದಯ ಹಿಂಡಿಕೊಂಡು ರಕ್ತವನ್ನು ಹೊರಕ್ಕೆ ತಳ್ಳಿದಾಗ ನಾಳದಲ್ಲಿ ಒತ್ತಡ ಏರುತ್ತದೆ. ಆ ಏರಿಕೆಯ ತುದಿಯೇ ಸಿಸ್ಟಾಲಿಕ್, ಚೀಟಿಯ ಮೇಲಿನ ಅಂಕಿ. ಆಮೇಲೆ ಹೃದಯ ಸಡಿಲವಾಗಿ, ಮುಂದಿನ ಬಡಿತಕ್ಕೆ ರಕ್ತ ತುಂಬಿಕೊಳ್ಳುತ್ತದೆ. ಆಗ ನಾಳದೊಳಗಿನ ಒತ್ತಡ ನಿಧಾನವಾಗಿ ಇಳಿಯುತ್ತದೆ, ಆದರೆ ಸೊನ್ನೆಗೆ ಹೋಗುವುದಿಲ್ಲ. ಮುಂದಿನ ಬಡಿತ ಬರುವ ಮುಂಚೆ ಅದು ಎಷ್ಟಕ್ಕೆ ಇಳಿದು ನಿಂತಿರುತ್ತದೋ ಅದೇ ಡಯಾಸ್ಟಾಲಿಕ್, ಕೆಳಗಿನ ಅಂಕಿ.

"ಕೆಳಗಿಂದು ಹೃದಯ ರೆಸ್ಟ್ ತಗೊಳ್ಳೋ ಟೈಮ್‌ದು, ಅದೇನೂ ಮುಖ್ಯ ಅಲ್ಲ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಡಿ ನಿಮಿಷಕ್ಕೆ 70 ಸಲ ಬಡಿಯುತ್ತಿದ್ದರೆ ಒಂದು ಬಡಿತಕ್ಕೆ ಸಿಗುವುದು ಸುಮಾರು 0.85 ಸೆಕೆಂಡ್. ಅದರಲ್ಲಿ ಹಿಂಡುವ ಕೆಲಸಕ್ಕೆ ಹೋಗುವುದು ಮೂರನೇ ಒಂದು ಭಾಗ ಅಷ್ಟೇ. ಉಳಿದ ಹೊತ್ತೆಲ್ಲ ಸಡಿಲವಾಗಿರುವ ಸಮಯ. ಹೃದಯದ ಸ್ವಂತ ಮಾಂಸಖಂಡಕ್ಕೆ ರಕ್ತ ಹೆಚ್ಚಾಗಿ ಹರಿಯುವುದೂ ಆ ಹೊತ್ತಿನಲ್ಲೇ.

ಅಂಕಿ ಬಂದಿದ್ದು ಎಲ್ಲಿಂದ?

158 ಅಂದ್ರೆ ಏನು 158? ಅದು ಪಾದರಸದ ಎತ್ತರ, ಮಿಲಿಮೀಟರ್ ಲೆಕ್ಕದಲ್ಲಿ. ಹಳೆಯ ಬಿಪಿ ಪೆಟ್ಟಿಗೆಗಳಲ್ಲಿ ಗಾಜಿನ ಕೊಳವೆಯಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತಾ ಏರುತ್ತಿದ್ದದ್ದು ಅದೇ.

ಇದಕ್ಕೂ ಹಿಂದೆ ಒಂದು ಕಥೆ ಇದೆ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಅನ್ನುವವರು ಕುದುರೆಯ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಸೇರಿಸಿ ನೋಡಿದ್ದರು. ರಕ್ತ ಎಂಟು ಅಡಿಗೂ ಮೇಲೆ ಏರಿತು. ಅದನ್ನು ಅವರು 1733ರಲ್ಲಿ ಪ್ರಕಟಿಸಿದರು. ಪಾದರಸ ನೀರಿಗಿಂತ ಸುಮಾರು ಹದಿಮೂರೂವರೆ ಪಟ್ಟು ಭಾರ. ಅದನ್ನು ಬಳಸಿದರೆ ಅಷ್ಟು ಉದ್ದದ ಕೊಳವೆ ಬೇಕಾಗುವುದಿಲ್ಲ.

1896ರಲ್ಲಿ ಇಟಲಿಯ ರಿವಾ ರೊಚ್ಚಿ ತೋಳಿಗೆ ಸುತ್ತುವ ಗಾಳಿ ಪಟ್ಟಿ ತಂದರು. ಪಟ್ಟಿ ಬಿಗಿಮಾಡಿ, ಮಣಿಕಟ್ಟಿನ ನಾಡಿಯನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. ಹಾಗೆ ಸಿಗುತ್ತಿದ್ದದ್ದು ಮೇಲಿನ ಅಂಕಿ ಮಾತ್ರ. ಕೆಳಗಿನ ಅಂಕಿಯನ್ನೂ ಸುಲಭವಾಗಿ ಹಿಡಿಯುವ ದಾರಿ ತೋರಿಸಿದ್ದು ರಷ್ಯಾದ ವೈದ್ಯ ಕೊರೊಟ್ಕಾಫ್, 1905ರಲ್ಲಿ. ಅವರು ಮಾಡಿದ್ದು ಇಷ್ಟೇ: ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಕಿವಿಗೊಟ್ಟರು.

ಪಟ್ಟಿ ಪೂರ್ತಿ ಬಿಗಿಯಾದಾಗ ತೋಳಿನ ನಾಳ ಮುಚ್ಚಿಹೋಗುತ್ತದೆ, ಸದ್ದೇ ಇರುವುದಿಲ್ಲ. ಗಾಳಿ ನಿಧಾನವಾಗಿ ಬಿಡುತ್ತಾ ಬಂದರೆ ಒಂದು ಹಂತದಲ್ಲಿ ರಕ್ತ ಬಲವಂತವಾಗಿ ನುಗ್ಗಿ "ಟಪ್, ಟಪ್" ಅನ್ನುತ್ತದೆ. ಸದ್ದು ಶುರುವಾದ ಜಾಗ ಮೇಲಿನ ಅಂಕಿ. ಇನ್ನೂ ಗಾಳಿ ಬಿಟ್ಟಾಗ ನಾಳ ಪೂರ್ತಿ ತೆರೆದುಕೊಳ್ಳುತ್ತದೆ, ರಕ್ತ ಸರಾಗವಾಗಿ ಹರಿಯುತ್ತದೆ, ಸದ್ದು ಅಡಗುತ್ತದೆ. ಸದ್ದು ಅಡಗಿದ ಜಾಗ ಕೆಳಗಿನ ಅಂಕಿ.

ಈಗ ಮನೆಗಳಲ್ಲಿರುವ ಬ್ಯಾಟರಿ ಯಂತ್ರ ಸದ್ದು ಕೇಳುವುದಿಲ್ಲ. ನಾಡಿ ಬಡಿದಾಗ ಪಟ್ಟಿಯಲ್ಲಿ ಆಗುವ ಸಣ್ಣ ಅದುರನ್ನು ಅಳೆದು, ಅದರಿಂದ ಎರಡೂ ಅಂಕಿಯನ್ನು ಲೆಕ್ಕ ಹಾಕುತ್ತದೆ. ಹಾಗಾಗಿ ನಾಡಿ ಏರುಪೇರಾಗಿ ಬಡಿಯುವವರಲ್ಲಿ, ಕೈ ಅಲ್ಲಾಡಿಸುವವರಲ್ಲಿ ಅದರ ಲೆಕ್ಕ ತಪ್ಪಬಹುದು. ಇನ್ನು ಪಟ್ಟಿಯೇ ಇಲ್ಲದೆ, ಫೋನಿನ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ತೋರಿಸುತ್ತೇವೆ ಅನ್ನುವ ಆ್ಯಪ್‌ಗಳಿವೆಯಲ್ಲ, ಅವನ್ನು ನಂಬಿ ಮಾತ್ರೆ ತೆಗೆದುಕೊಳ್ಳುವ ಅಥವಾ ಬಿಡುವ ತೀರ್ಮಾನ ಮಾಡಬೇಡಿ.

ಯಾವುದು ಜಾಸ್ತಿ? ಯಾವುದು ಮುಖ್ಯ?

ಆಸ್ಪತ್ರೆಯಲ್ಲಿ ನೋಡಿದಾಗ 140/90 ನಮ್ಮಲ್ಲಿ ಬಳಸುವ ಗೆರೆ. ಎರಡರಲ್ಲಿ ಯಾವುದಾದರೂ ಒಂದು ಆ ಗೆರೆ ಮುಟ್ಟಿದರೂ ಬಿಪಿ ಜಾಸ್ತಿ ಅಂತಲೇ ಲೆಕ್ಕ. 128/94 ಜಾಸ್ತಿ. 152/78 ಕೂಡ ಜಾಸ್ತಿ. ಅಮೆರಿಕದ ವೈದ್ಯ ಸಂಘಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದವು. ಇಂಟರ್ನೆಟ್‌ನಲ್ಲಿ ಎರಡು ಬೇರೆ ಬೇರೆ ಗೆರೆ ಕಂಡು ಗಲಿಬಿಲಿಯಾದರೆ ಕಾರಣ ಅದೇ. ಚಿಕ್ಕಪ್ಪನ ಚೀಟಿಯಲ್ಲಿ ಎರಡೂ ಗೆರೆ ದಾಟಿವೆ.

ಆದರೆ ಯಾವ ಅಂಕಿ ಏರಿದೆ ಅನ್ನುವುದರಿಂದ, ಒಳಗೆ ಏನು ನಡೆಯುತ್ತಿದೆ ಅನ್ನುವ ಸುಳಿವು ಸಿಗುತ್ತದೆ. ಮತ್ತೆ ಕ್ಯಾನ್‌ಗೆ ಬನ್ನಿ.

ನಾಜಲ್‌ನಲ್ಲಿ ಕಸ ಸಿಕ್ಕಿ ತೂತು ಕಿರಿದಾಯಿತು ಅಂದುಕೊಳ್ಳಿ. ಹಿಡಿ ಬಿಟ್ಟಾಗಲೂ ಒಳಗಿನ ಒತ್ತಡ ಇಳಿಯುವುದಿಲ್ಲ. ದೇಹದಲ್ಲಿ ಕಿರು ನಾಳಗಳು ಬಿಗಿದುಕೊಂಡರೆ ಹೀಗೇ ಆಗುತ್ತದೆ, ಕೆಳಗಿನ ಅಂಕಿ ಏರುತ್ತದೆ. ನಲವತ್ತರ ಆಸುಪಾಸಿನವರಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ಕೆಳಗಿನದು ಮೊದಲು ಏರುತ್ತದೆ, ಅಥವಾ ಎರಡೂ ಒಟ್ಟಿಗೆ ಏರುತ್ತವೆ.

ಈಗ ಇನ್ನೊಂದು ಕ್ಯಾನ್. ಇದರಲ್ಲಿ ಒಳಗಿನ ಗಾಳಿಗೆ ಜಾಗವೇ ಇಲ್ಲ. ಹಿಡಿ ಒತ್ತಿದಾಗ ಒತ್ತಡ ಸರ್ರನೆ ಏರುತ್ತದೆ, ಬಿಟ್ಟಾಗ ಸರ್ರನೆ ಬೀಳುತ್ತದೆ. ವಯಸ್ಸಾದಂತೆ ಮಹಾಪಧಮನಿಯ ರಬ್ಬರಿನ ಗುಣ ಕಡಿಮೆಯಾಗಿ ಗೋಡೆ ಪೆಡಸಾದಾಗ ಆಗುವುದು ಇದೇ. ಮೇಲಿನದು ಏರುತ್ತದೆ, ಕೆಳಗಿನದು ಇಳಿಯುತ್ತದೆ. ಅಜ್ಜಿಯ ಚೀಟಿಯಲ್ಲಿ 164/72 ಕಾಣುವುದು ಇದಕ್ಕೇ.

ಇಲ್ಲೇ ಜನ ಮೋಸ ಹೋಗುವುದು. ಕೆಳಗಿನ ಅಂಕಿ ಸಾಮಾನ್ಯವಾಗಿ ಐವತ್ತು ಐವತ್ತೈದರವರೆಗೆ ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯಲು ಶುರುವಾಗುತ್ತದೆ. ಅಪ್ಪನಿಗೆ ಹಿಂದೆ 150/96 ಇತ್ತು, ಅರವತ್ತು ದಾಟಿದ ಮೇಲೆ ಮಾತ್ರೆ ಇಲ್ಲದೆಯೇ 162/80 ಆಯಿತು ಅಂತಿಟ್ಟುಕೊಳ್ಳಿ. "ಕೆಳಗಿಂದು ನಾರ್ಮಲ್‌ಗೆ ಬಂತು" ಅಂತ ಮನೆಯವರು ಖುಷಿಪಡುತ್ತಾರೆ. ನಿಜವಾಗಿ ಅಲ್ಲಿ ಇಳಿದಿರುವುದು ಕಾಯಿಲೆಯಲ್ಲ, ನಾಳ ಗಟ್ಟಿಯಾಗಿದೆ ಅಷ್ಟೇ. ಐವತ್ತು ದಾಟಿದವರಲ್ಲಿ ಮೇಲಿನ ಅಂಕಿಗೆ ಹೆಚ್ಚು ತೂಕ ಕೊಡುವುದು ಇದೇ ಕಾರಣಕ್ಕೆ.

ಚಿಕ್ಕಪ್ಪನಿಗೆ ನಾನು ಕೊಟ್ಟ ಉತ್ತರ ಹೀಗಿತ್ತು: "ಎರಡೂ ಜಾಸ್ತಿ ಇದೆ ಚಿಕ್ಕಪ್ಪ. ನಿಮ್ಮ ವಯಸ್ಸಿಗೆ ಎರಡನ್ನೂ ನೋಡ್ಬೇಕು."

ನೋವಿಲ್ಲ ಅಂದ್ರೆ ಹಾನಿ ಇಲ್ಲ ಅಂತಲ್ಲ

ಮೂರನೇ ಪ್ರಶ್ನೆಗೆ ಹೋಗುವ ಮುಂಚೆ ಅವರ "ತಲೆನೋವಿಲ್ಲ" ಅನ್ನುವ ಮಾತಿಗೆ ಬರೋಣ. 150, 160ರ ಒತ್ತಡ ಇದ್ದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ರಕ್ತನಾಳದ ಗೋಡೆಗೆ ಒತ್ತಡ ಏರಿದೆ ಅಂತ ನಮಗೆ ತಿಳಿಸುವ ಯಾವ ಏರ್ಪಾಡೂ ಇಲ್ಲ. ಗೊತ್ತಾಗದಿದ್ದರೂ ಕೆಲಸ ನಡೆಯುತ್ತಿರುತ್ತದೆ. ಮಿದುಳು, ಮೂತ್ರಪಿಂಡ, ಕಣ್ಣಿನ ಸಣ್ಣ ನಾಳಗಳು ಸವೆಯುತ್ತವೆ, ಹೃದಯದ ಗೋಡೆ ದಪ್ಪವಾಗುತ್ತದೆ.

ಅಪಾಯ ಎಷ್ಟು ಏರುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಸುಮಾರು ಹತ್ತು ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಒಂದು ಅಧ್ಯಯನ 2002ರಲ್ಲಿ ಬಂತು. 40ರಿಂದ 69 ವಯಸ್ಸಿನವರಲ್ಲಿ, 115/75ರಿಂದ ಶುರುಮಾಡಿ ಮೇಲಿನ ಅಂಕಿ 20 ಏರಿದಾಗಲೆಲ್ಲ, ಅಥವಾ ಕೆಳಗಿನದು 10 ಏರಿದಾಗಲೆಲ್ಲ, ಪಾರ್ಶ್ವವಾಯು ಮತ್ತು ಹೃದಯಾಘಾತದಿಂದ ಸಾಯುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ಅದರಲ್ಲಿ ಕಂಡುಬಂತು. 115ರಿಂದ 135ಕ್ಕೆ ಎರಡು ಪಟ್ಟು, 155ಕ್ಕೆ ನಾಲ್ಕು ಪಟ್ಟು. ಚಿಕ್ಕಪ್ಪ ಲಾಭ ನಷ್ಟದ ಲೆಕ್ಕ ಬಲ್ಲವರು, ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಾದರು.

ಆದರೆ ಆ 158 ನಿಜವಾದ 158 ಹೌದಾ?

ಶಿಬಿರದಲ್ಲಿ ಹೇಗೆ ನೋಡಿದರು ಅಂತ ಕೇಳಿದೆ. ಸಾಲಿನಲ್ಲಿ ನಿಂತಿದ್ದು, ಟೀ ಕುಡಿದು ಹೋಗಿದ್ದು, ಪಕ್ಕದವರ ಜೊತೆ ನೂಲಿನ ರೇಟಿನ ಬಗ್ಗೆ ಮಾತಾಡುತ್ತಲೇ ಕೈ ಕೊಟ್ಟಿದ್ದು, ಸ್ಟೂಲ್ ಮೇಲೆ ಬೆನ್ನಿಗೆ ಆಸರೆ ಇಲ್ಲದೆ ಕೂತಿದ್ದು, ಕೈ ಕೆಳಗೆ ಇಳಿಬಿಟ್ಟಿದ್ದು. ಇವುಗಳಲ್ಲಿ ಪ್ರತಿಯೊಂದೂ ಅಂಕಿಯನ್ನು ಏರಿಸಬಲ್ಲದು.

ಕೈ ಇಳಿಬಿಡುವುದನ್ನೇ ತಗೊಳ್ಳಿ. ಪಟ್ಟಿ ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ, ಅಷ್ಟು ಎತ್ತರದ ರಕ್ತದ ಭಾರ ಸೇರಿಕೊಂಡು ಅಂಕಿ ಸುಮಾರು 8 ಹೆಚ್ಚಾಗುತ್ತದೆ. ಇದರಲ್ಲಿ ಕಾಯಿಲೆ ಏನೂ ಇಲ್ಲ, ಓವರ್‌ಹೆಡ್ ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದಲ್ಲ, ಅದೇ ಲೆಕ್ಕ. ಮಾತಾಡುವುದು, ಮೂತ್ರ ತಡೆದುಕೊಂಡಿರುವುದು, ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತುವುದು, ಇವೂ ಹತ್ತರ ಆಸುಪಾಸು ಸೇರಿಸಬಹುದು.

ಅದಕ್ಕೇ, ತುಂಬಾ ಹೆಚ್ಚಿಲ್ಲದಿದ್ದರೆ ಒಂದೇ ಸಲ ನೋಡಿ ತೀರ್ಮಾನಿಸುವುದಿಲ್ಲ, ಬೇರೆ ದಿನ ಮತ್ತೆ ನೋಡುತ್ತಾರೆ. ಆದರೆ "ಶಿಬಿರದ ಮಿಷನ್ ಸರಿ ಇಲ್ಲ" ಅಂತ ಚೀಟಿ ಹರಿದು ಹಾಕುವುದೂ ತಪ್ಪು. ಕೆಲವರಿಗೆ ಬಿಳಿ ಕೋಟು ನೋಡಿದರೆ ಬಿಪಿ ಏರುತ್ತದೆ, ಮನೆಯಲ್ಲಿ ಸರಿ ಇರುತ್ತದೆ. ಇನ್ನು ಕೆಲವರಿಗೆ ಆಸ್ಪತ್ರೆಯಲ್ಲಿ ಸರಿ ಇದ್ದು ಮನೆಯಲ್ಲಿ ಏರಿರುತ್ತದೆ. ಎರಡನ್ನೂ ಹಿಡಿಯುವ ದಾರಿ ಅಂದ್ರೆ ಮನೆಯಲ್ಲೇ ಒಂದು ವಾರ ಬರೆದಿಡುವುದು.

ಚಿಕ್ಕಪ್ಪನ ಒಂದು ವಾರ

ತೋಳಿಗೆ ಸುತ್ತುವ ಯಂತ್ರ ತಂದೆವು, ಮಣಿಕಟ್ಟಿನದ್ದಲ್ಲ. ಪಟ್ಟಿಯ ಮೇಲೆ ಬರೆದಿರುವ ಅಳತೆ ಅವರ ತೋಳಿನ ಸುತ್ತಳತೆಗೆ ಹೊಂದುತ್ತದಾ ಅಂತ ಟೇಪ್ ಹಿಡಿದು ನೋಡಿದೆವು. ಮೊದಲ ದಿನ ಎರಡೂ ತೋಳಲ್ಲಿ ನೋಡಿ, ಯಾವುದರಲ್ಲಿ ಹೆಚ್ಚು ಬಂತೋ ಆ ತೋಳನ್ನೇ ಮುಂದೆಯೂ ಬಳಸಿದರು.

ಬೆಳಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿ ತಿಂಡಿಗೆ ಮುಂಚೆ, ಮಗ್ಗ ಆನ್ ಮಾಡುವ ಮೊದಲು. ಕುರ್ಚಿಯಲ್ಲಿ ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೂರುವುದು. ಮಾತಿಲ್ಲ, ಫೋನ್ ಇಲ್ಲ. ಪಟ್ಟಿ ಬರಿ ಚರ್ಮದ ಮೇಲೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡುವುದು, ಎರಡನ್ನೂ ಬರೆಯುವುದು. ಸಂಜೆ ಮಗ್ಗ ನಿಲ್ಲಿಸಿದ ಮೇಲೆ ಮತ್ತೆ ಎರಡು ಸಲ. ಹೀಗೆ ಏಳು ದಿನ.

ಮೊದಲ ದಿನ ಹೊಸ ಯಂತ್ರದ ಗಾಬರಿ ಇರುತ್ತದೆ, ಅದನ್ನು ಬಿಟ್ಟುಬಿಡಬೇಕು. ಉಳಿದ ಆರು ದಿನದ ದಿನವಾರು ಸರಾಸರಿ ಹೀಗೆ ಬಂತು:

ಎರಡನೇ ದಿನ 146/94
ಮೂರನೇ ದಿನ 143/92
ನಾಲ್ಕನೇ ದಿನ 148/95
ಐದನೇ ದಿನ 141/91
ಆರನೇ ದಿನ 145/93
ಏಳನೇ ದಿನ 147/93

ಮೇಲಿನವನ್ನೆಲ್ಲ ಕೂಡಿದರೆ 870, ಆರರಿಂದ ಭಾಗಿಸಿದರೆ 145. ಕೆಳಗಿನವು 558, ಆರರಿಂದ ಭಾಗಿಸಿದರೆ 93. ಅಂದರೆ ಚಿಕ್ಕಪ್ಪನ ಮನೆಯ ಬಿಪಿ 145/93.

ಮನೆಯಲ್ಲಿ ಮನಸ್ಸು ಶಾಂತವಾಗಿರುವುದರಿಂದ ಅಲ್ಲಿನ ಗೆರೆ ಕೊಂಚ ಕೆಳಗೆ, 135/85. ಆ ಗೆರೆಯನ್ನೂ ಇವರ ಎರಡೂ ಅಂಕಿ ದಾಟಿವೆ. ಶಿಬಿರದ 158ರಲ್ಲಿ ಹದಿಮೂರು ಅಂಕಿ ಟೀ, ಮಾತು, ಸ್ಟೂಲು, ಗಡಿಬಿಡಿಯಿಂದ ಬಂದದ್ದಿರಬಹುದು. ಆದರೆ ಶಿಬಿರದವರು ಹೇಳಿದ್ದು ಸುಳ್ಳಲ್ಲ, ಬಿಪಿ ನಿಜವಾಗಿಯೂ ಜಾಸ್ತಿ ಇದೆ.

ಇಲ್ಲಿ ಒಂದು ಎಚ್ಚರಿಕೆ. 180/110 ಅಥವಾ ಅದಕ್ಕೂ ಮೇಲೆ ಬಂದರೆ ವಾರ ಕಾಯಬೇಡಿ. ಐದು ನಿಮಿಷ ಕೂತು ಮತ್ತೆ ನೋಡಿ, ಆಗಲೂ ಹಾಗೇ ಇದ್ದರೆ ಅವತ್ತೇ ವೈದ್ಯರ ಹತ್ತಿರ ಹೋಗಿ. ಜೊತೆಗೆ ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ನೇರ 108ಕ್ಕೆ ಫೋನ್ ಮಾಡಿ.

ಹಾಳೆ ಹಿಡಿದು ಆಸ್ಪತ್ರೆಗೆ

ಬರೆದ ಹಾಳೆ ಹಿಡಿದು ಚಿಕ್ಕಪ್ಪ ಆಸ್ಪತ್ರೆಗೆ ಹೋದರು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ 30 ದಾಟಿದವರಿಗೆ ಬಿಪಿ ಮತ್ತು ಸಕ್ಕರೆ ತಪಾಸಣೆ ಉಚಿತ. ರಾಜ್ಯದ ಗೃಹ ಆರೋಗ್ಯ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ನೋಡುವುದೂ ಉಂಟು.

ವೈದ್ಯರು ಹಾಳೆ ನೋಡಿದ ಮೇಲೆ ಕೇಳಿದ್ದು ನಾವ್ಯಾರೂ ಯೋಚಿಸದ ಪ್ರಶ್ನೆ. "ನೋವಿನ ಮಾತ್ರೆ ತಗೋತೀರಾ?" ಹೌದು, ದಿನವಿಡೀ ಮಗ್ಗದ ಮುಂದೆ ನಿಂತು ಸೊಂಟ ನೋವು, ಮೆಡಿಕಲ್ ಶಾಪಿನಿಂದ ವಾರಕ್ಕೆ ನಾಲ್ಕೈದು ಮಾತ್ರೆ. ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಟ್ಟು ಬಿಪಿ ಏರಿಸುತ್ತವೆ. ಅದನ್ನು ಬಿಡಿಸಿದರು. ರಕ್ತದ ಸಕ್ಕರೆ, ಕ್ರಿಯಾಟಿನಿನ್, ಮೂತ್ರ ಪರೀಕ್ಷೆ, ಇಸಿಜಿ ಮಾಡಿಸಿದರು. ಒತ್ತಡ ಎಲ್ಲೆಲ್ಲಿ ಪೆಟ್ಟು ಕೊಟ್ಟಿದೆ ಅಂತ ನೋಡುವುದಕ್ಕೆ ಇವು. ಉಪ್ಪು ದಿನಕ್ಕೆ ಒಟ್ಟು ಒಂದು ಟೀ ಚಮಚದೊಳಗೆ, ಉಪ್ಪಿನಕಾಯಿ, ಹಪ್ಪಳದ್ದೂ ಸೇರಿ. ಆಮೇಲೆ ಆಮ್ಲೋಡಿಪಿನ್ 5 ಮಿಲಿಗ್ರಾಂ ದಿನಕ್ಕೆ ಒಂದು ಬರೆದುಕೊಟ್ಟರು.

ಆಮ್ಲೋಡಿಪಿನ್ ಮಾಡುವುದೇನು ಗೊತ್ತಾ? ಬಿಗಿದುಕೊಂಡ ಕಿರು ನಾಳಗಳನ್ನು ಸಡಿಲಿಸುತ್ತದೆ. ಅಂದರೆ ನಾಜಲ್‌ನ ತೂತು ದೊಡ್ಡದು ಮಾಡುತ್ತದೆ. ಅದರ ಪೂರ್ತಿ ಪರಿಣಾಮ ಕಾಣಲು ಒಂದೆರಡು ವಾರ ಬೇಕು. ಕೆಲವರಿಗೆ ಪಾದ ಊದಿಕೊಳ್ಳುತ್ತದೆ, ಹಾಗಾದರೆ ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ, ತಾವಾಗಿಯೇ ನಿಲ್ಲಿಸುವುದಲ್ಲ. ಇದು ಚಿಕ್ಕಪ್ಪನಿಗೆ ಬರೆದ ಮಾತ್ರೆ. ನಿಮ್ಮ ಮನೆಯವರಿಗೆ ಯಾವುದು ಅನ್ನುವುದನ್ನು ಅವರ ವೈದ್ಯರೇ ನಿರ್ಧರಿಸಬೇಕು.

ಒಂದು ತಿಂಗಳಾದ ಮೇಲೆ ಮತ್ತೆ ಒಂದು ವಾರ ಬರೆದರು. ಸರಾಸರಿ 131/83. ಮನೆಯ ಗೆರೆಯ ಕೆಳಗೆ ಬಂದಿದೆ. ಕೂಡಲೇ ಫೋನ್ ಬಂತು.

"ಮಗಾ, ನಾರ್ಮಲ್ ಆಯ್ತಲ್ಲ, ಇನ್ ಮಾತ್ರೆ ನಿಲ್ಲಿಸ್ಲಾ?"

ನಾನಂದೆ, "ಚಿಕ್ಕಪ್ಪ, ಆ 131 ನಿಮ್ಮೊಬ್ಬರದ್ದಲ್ಲ. ಅದರಲ್ಲಿ ಮಾತ್ರೆಯ ಪಾಲೂ ಇದೆ. ಮಾತ್ರೆ ಬಿಟ್ರೆ ನಾಜಲ್ ಮತ್ತೆ ಬಿಗಿಯುತ್ತೆ. ಕಡಿಮೆ ಮಾಡೋದಾದ್ರೆ ಹಾಳೆ ನೋಡಿ ಡಾಕ್ಟರ್ ಮಾಡ್ಲಿ."

ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. "ಆಯ್ತು ಬಿಡು, ಹಾಳೆ ಬೀರುಲಿ ಮಡಗಿವ್ನಿ" ಅಂದರು.

ಇಷ್ಟು ಇವತ್ತಿನ ಸಂಚಿಕೆ. ನಿಮ್ಮ ಮನೆಯ ಚೀಟಿಯಲ್ಲಿ ಎರಡು ಅಂಕಿ ಇದ್ದರೆ ಅದರ ಪಕ್ಕದಲ್ಲಿ ದಿನಾಂಕ, ಸಮಯ, ಯಾವ ತೋಳು ಅಂತಲೂ ಬರೆಯಿರಿ. ಮುಂದಿನ ಸಲ ವೈದ್ಯರಿಗೆ ಅದು ಬೇಕಾಗುತ್ತದೆ.